ಗ್ರಾಫಿಕ್ಸ್ ಕಾರ್ಡಿಗೆ ಒಪ್ಪುವ ಮಾನಿಟರ್

ಡೆಸ್ಕ್‌ಟಾಪಿನ ಪರದೆಯ ಮೇಲೆ ಕಾಣುವ ಒಂದೊಂದು ಚುಕ್ಕಿಯ ಬಣ್ಣವನ್ನೂ ಲೆಕ್ಕ ಹಾಕಿ ಕೊಡುವುದು ಗ್ರಾಫಿಕ್ಸ್ ಕಾರ್ಡು. ಆ ಲೆಕ್ಕವನ್ನು ಬೆಳಕಾಗಿ ತೋರಿಸುವುದು ಮಾನಿಟರು. ಆದರೂ ಮಾನಿಟರ್ ಕೊಳ್ಳುವಾಗ ಬಹಳಷ್ಟು ಮಂದಿ ಇಂಚು, ಬೆಲೆ ಮತ್ತು ಡಬ್ಬಿಯ ಮೇಲಿನ ದೊಡ್ಡ ಅಂಕಿ ಇಷ್ಟನ್ನೇ ನೋಡುತ್ತಾರೆ. ಒಳಗಿರುವ ಕಾರ್ಡು ಯಾವುದು ಎಂಬ ಪ್ರಶ್ನೆ ಏಳುವುದು ಅಂಗಡಿಯವರು ಕೇಳಿದರೆ ಮಾತ್ರ. ಇದರಿಂದ ಆಗುವ ನಷ್ಟ ಎರಡು ಬಗೆಯದು. ಸಾಧಾರಣ ಕಾರ್ಡಿಗೆ 4ಕೆ ಪರದೆ ಜೋಡಿಸಿದರೆ ಆಟ ತಡವರಿಸುತ್ತದೆ. ಒಳ್ಳೆಯ ಕಾರ್ಡಿಗೆ 60 ಹರ್ಟ್ಸ್‌ನ ಹಳೆಯ ಪರದೆ ಜೋಡಿಸಿದರೆ, ಕಾರ್ಡು ತಯಾರಿಸಿದ ಚಿತ್ರಗಳಲ್ಲಿ ಎಷ್ಟೋ ಕಣ್ಣಿಗೆ ಬೀಳುವುದೇ ಇಲ್ಲ. ಮೊದಲನೆಯದು ಆ ದಿನವೇ ಗೊತ್ತಾಗುತ್ತದೆ, ಎರಡನೆಯದು ವರ್ಷಗಟ್ಟಲೆ ಗೊತ್ತಾಗದೆ ಉಳಿಯುತ್ತದೆ.

ಈ ಹೊಂದಾಣಿಕೆಯ ಪ್ರಶ್ನೆ ಮುಖ್ಯವಾಗಿ ಬರುವುದು ಆಟಗಳಲ್ಲಿ. ಪತ್ರ ಬರೆಯುವುದು, ಲೆಕ್ಕಪತ್ರ, ಕೋಡಿಂಗ್, ಸಿನಿಮಾ ನೋಡುವುದು ಇವಕ್ಕೆ ಪರದೆಯನ್ನು ತುಂಬಿಸುವ ಶ್ರಮ ತೀರಾ ಕಡಿಮೆ. ಇತ್ತೀಚಿನ ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಕೂಡ 4ಕೆ ಪರದೆಯನ್ನು 60 ಹರ್ಟ್ಸ್‌ನಲ್ಲಿ ಆರಾಮವಾಗಿ ನಡೆಸುತ್ತದೆ. ಹಾಗಾಗಿ ಆಟವಾಡದವರು ಕಾರ್ಡಿನ ಚಿಂತೆ ಬಿಟ್ಟು, ಅಕ್ಷರ ಎಷ್ಟು ಸ್ಪಷ್ಟವಾಗಿ ಕಾಣಬೇಕು ಎಂಬುದನ್ನು ನೋಡಿ ಕೊಂಡರಾಯಿತು. ಆಟದಲ್ಲಿ ಹಾಗಲ್ಲ. ಅಲ್ಲಿ ನೆರಳು, ನೀರು, ಹೊಗೆ, ಎಲೆ ಎಲ್ಲವನ್ನೂ ಪ್ರತಿ ಚುಕ್ಕಿಗೂ, ಸೆಕೆಂಡಿಗೆ ಹತ್ತಾರು ಬಾರಿ, ಹೊಸದಾಗಿ ಲೆಕ್ಕ ಹಾಕಬೇಕು.

ಚುಕ್ಕಿಗಳ ಲೆಕ್ಕ

ಪರದೆಯ ಚುಕ್ಕಿಗಳಿಗೆ ಪಿಕ್ಸೆಲ್ ಎಂದು ಹೆಸರು, ಅವುಗಳ ಒಟ್ಟು ಜೋಡಣೆಗೆ ರೆಸಲ್ಯೂಷನ್. ಡೆಸ್ಕ್‌ಟಾಪಿನಲ್ಲಿ ಇಂದು ಬಳಕೆಯಲ್ಲಿರುವವು ಮುಖ್ಯವಾಗಿ ಮೂರು. ಫುಲ್ ಎಚ್‌ಡಿ ಅಥವಾ 1080ಪಿ ಎನ್ನುವುದರಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು ಸುಮಾರು 20.7 ಲಕ್ಷ ಪಿಕ್ಸೆಲ್. 1440ಪಿ ಎಂದರೆ 2560ಕ್ಕೆ 1440, ಸುಮಾರು 36.9 ಲಕ್ಷ. 4ಕೆ ಎಂದರೆ 3840ಕ್ಕೆ 2160, ಸುಮಾರು 82.9 ಲಕ್ಷ. ಹೆಸರು ಕೇಳಿದರೆ 1440ಪಿ ಎನ್ನುವುದು 1080ಪಿಗಿಂತ ಒಂದು ಮೆಟ್ಟಿಲು ಮೇಲಿದ್ದಂತೆ, 4ಕೆ ಎರಡು ಮೆಟ್ಟಿಲು ಮೇಲಿದ್ದಂತೆ ಅನಿಸುತ್ತದೆ. ಕೆಲಸದ ಲೆಕ್ಕದಲ್ಲಿ ಮೊದಲನೆಯ ಮೆಟ್ಟಿಲು 1.78 ಪಟ್ಟು, ಎರಡನೆಯದನ್ನೂ ಹತ್ತಿದರೆ ಸರಿಯಾಗಿ 4 ಪಟ್ಟು.

ರಿಫ್ರೆಶ್ ರೇಟ್ ಎನ್ನುವುದು ಮಾನಿಟರ್ ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಬದಲಿಸಬಲ್ಲದು ಎಂಬುದರ ಅಳತೆ, ಅದನ್ನು ಹರ್ಟ್ಸ್‌ನಲ್ಲಿ ಹೇಳುತ್ತಾರೆ. ಕಾರ್ಡು ಸೆಕೆಂಡಿಗೆ ಎಷ್ಟು ಚಿತ್ರ ತಯಾರಿಸುತ್ತದೆ ಎಂಬುದು ಎಫ್‌ಪಿಎಸ್. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಬಹಳಷ್ಟು ಗೊಂದಲ ಹುಟ್ಟುತ್ತದೆ. 165 ಹರ್ಟ್ಸ್ ಮಾನಿಟರ್ ಕೊಂಡ ಮಾತ್ರಕ್ಕೆ ಆಟ 165 ಎಫ್‌ಪಿಎಸ್‌ನಲ್ಲಿ ಓಡುವುದಿಲ್ಲ. ಅದು ಮಾನಿಟರಿನ ಮೇಲ್ಮಿತಿ ಅಷ್ಟೇ, ಅದರೊಳಗೆ ಎಷ್ಟು ತುಂಬುತ್ತದೆ ಎಂಬುದು ಕಾರ್ಡಿಗೆ ಬಿಟ್ಟದ್ದು.

ಕಾರ್ಡಿನ ದೃಷ್ಟಿಯಿಂದ ರೆಸಲ್ಯೂಷನ್ನೂ ಎಫ್‌ಪಿಎಸ್ಸೂ ಒಂದೇ ಗಂಟಿನಿಂದ ಖರ್ಚಾಗುತ್ತವೆ. ಒಂದನ್ನು ಹೆಚ್ಚಿಸಿದರೆ ಇನ್ನೊಂದು ಕಡಿಮೆಯಾಗಬೇಕು. ಆದ್ದರಿಂದ ಮಾನಿಟರ್ ಆರಿಸುವ ಮೊದಲು ತಿಳಿಯಬೇಕಾದ್ದು ಒಂದೇ ಸಂಗತಿ: ಕೊಳ್ಳಬೇಕೆಂದಿರುವ ರೆಸಲ್ಯೂಷನ್ನಿನಲ್ಲಿ, ಆಡುವ ಆಟದಲ್ಲಿ, ಇರುವ ಕಾರ್ಡು ಎಷ್ಟು ಎಫ್‌ಪಿಎಸ್ ಕೊಡುತ್ತದೆ? ಬಾಕಿ ತೀರ್ಮಾನಗಳೆಲ್ಲ ಆ ಅಂಕಿಯ ಹಿಂದೆ ಬರುತ್ತವೆ.

ಕೊಳ್ಳುವ ಮೊದಲೇ ಅಳೆಯುವುದು

ಆ ಅಂಕಿಯನ್ನು ಹೊಸ ಮಾನಿಟರ್ ಮನೆಗೆ ಬರುವ ಮೊದಲೇ, ಹಳೆಯ ಪರದೆಯ ಮೇಲೇ ಅಳೆಯಬಹುದು ಎಂಬುದು ಅಷ್ಟಾಗಿ ತಿಳಿದಿಲ್ಲ. ಎನ್‌ವಿಡಿಯಾ ಕಾರ್ಡುಗಳಲ್ಲಿ ಇದಕ್ಕೊಂದು ಸೌಲಭ್ಯವಿದೆ. ಕಂಟ್ರೋಲ್ ಪ್ಯಾನೆಲಿನ `Manage 3D settings` ಒಳಗೆ `DSR - Factors` ಎಂಬ ಸಾಲು ಇರುತ್ತದೆ. ಅಲ್ಲಿ `1.78x` ಮತ್ತು `4.00x` ಇವೆರಡಕ್ಕೆ ಗುರುತು ಹಾಕಿದರೆ, 1080ಪಿ ಮಾನಿಟರಿನಲ್ಲೇ ಆಟದ ರೆಸಲ್ಯೂಷನ್ ಪಟ್ಟಿಯೊಳಗೆ `2560 x 1440` ಮತ್ತು `3840 x 2160` ಕಾಣಿಸಿಕೊಳ್ಳುತ್ತವೆ. ಕಾರ್ಡು ಅಷ್ಟೂ ಪಿಕ್ಸೆಲ್‌ಗಳನ್ನು ನಿಜವಾಗಿಯೂ ತಯಾರಿಸಿ, ಆಮೇಲೆ ಕುಗ್ಗಿಸಿ ಹಳೆಯ ಪರದೆಗೆ ಕಳಿಸುತ್ತದೆ. ಚಿತ್ರದ ಸೊಗಸು ಗೊತ್ತಾಗದಿದ್ದರೂ ಕಾರ್ಡಿನ ಮೇಲೆ ಬೀಳುವ ಹೊರೆ ಹೆಚ್ಚುಕಡಿಮೆ ಹೊಸ ಮಾನಿಟರಿನಷ್ಟೇ. ಎಎಂಡಿ ಕಾರ್ಡುಗಳಲ್ಲಿ ಇದೇ ಕೆಲಸಕ್ಕೆ `Virtual Super Resolution` ಇದೆ.

ಒಂದು ಉದಾಹರಣೆ ತೆಗೆದುಕೊಳ್ಳಬಹುದು. 2021ರಲ್ಲಿ ಮಾರುಕಟ್ಟೆಗೆ ಬಂದ, ಇಂದಿಗೂ ಎಷ್ಟೋ ಮನೆಗಳಲ್ಲಿರುವ 12 ಜಿಬಿಯ ಆರ್‌ಟಿಎಕ್ಸ್ 3060 ಕಾರ್ಡು, ಅದರ ಜೊತೆಗೆ ರೈಜನ್ 5 5600 ಪ್ರೊಸೆಸರ್, 60 ಹರ್ಟ್ಸ್‌ನ ಹಳೆಯ 1080ಪಿ ಮಾನಿಟರ್. ಮಾನಿಟರ್ ಬದಲಾಯಿಸಬೇಕು, ಕಾರ್ಡಿಗೆ ಈಗ ಕೈ ಹಾಕುವಂತಿಲ್ಲ. ಎನ್‌ವಿಡಿಯಾ ಆ್ಯಪ್ ಹಾಕಿಕೊಂಡಿದ್ದರೆ `Alt+R` ಒತ್ತಿದಾಗ ಎಫ್‌ಪಿಎಸ್ ಮತ್ತು ಕಾರ್ಡಿನ ಬಳಕೆಯ ಶೇಕಡಾವಾರು ಪರದೆಯ ಮೂಲೆಯಲ್ಲಿ ಕಾಣುತ್ತವೆ. ಮೊದಲು ವಿ-ಸಿಂಕ್ ಅನ್ನು ಆರಿಸಿಡಬೇಕು, ಇಲ್ಲವಾದರೆ ಅಂಕಿ 60ಕ್ಕೆ ನಿಂತುಬಿಡುತ್ತದೆ. ಆಮೇಲೆ ಆಟದ ಒಂದೇ ಜಾಗವನ್ನು, ಜನಜಂಗುಳಿ ಇರುವ ಪೇಟೆಬೀದಿಯೋ ದಟ್ಟ ಕಾಡೋ ಆದರೆ ಒಳ್ಳೆಯದು, ಮೂರು ರೆಸಲ್ಯೂಷನ್‌ಗಳಲ್ಲೂ ಹಾದು ನೋಡಬೇಕು.

ಭಾರದ ಆಟವೊಂದರಲ್ಲಿ ಸಿಗುವ ಅಂಕಿಗಳು ಹೀಗಿವೆ ಎಂದುಕೊಳ್ಳೋಣ: 1080ಪಿಯಲ್ಲಿ 92, 1440ಪಿಯಲ್ಲಿ 64, 4ಕೆಯಲ್ಲಿ 33. ಪಿಕ್ಸೆಲ್ 1.78 ಪಟ್ಟು ಹೆಚ್ಚಿದರೆ 92 ಎನ್ನುವುದು 52ಕ್ಕೆ ಇಳಿಯಬೇಕಿತ್ತಲ್ಲ ಎನಿಸಬಹುದು. ಹಾಗೆ ಇಳಿಯುವುದಿಲ್ಲ. ಆಟದ ವಸ್ತುಗಳ ಆಕಾರ ಜೋಡಿಸುವಂಥ ಕೆಲವು ಕೆಲಸಗಳು ಪಿಕ್ಸೆಲ್ ಎಷ್ಟಿದ್ದರೂ ಅಷ್ಟೇ ಇರುತ್ತವೆ. ಹೀಗಾಗಿ ಭಾಗಾಕಾರದಿಂದ ಬರುವ ಅಂಕಿಯನ್ನು ಕೆಳಮಿತಿ ಎಂದು ಹಿಡಿದು, ನಿಜವಾದ ಅಂಕಿ ಅದಕ್ಕಿಂತ ಮೇಲಿರುತ್ತದೆ ಎಂದು ಭಾವಿಸಬಹುದು.

ಇದೇ ಪರೀಕ್ಷೆಯನ್ನು ವ್ಯಾಲರಂಟ್ ಥರದ ಹಗುರ ಆಟದಲ್ಲಿ ಮಾಡಿದರೆ ಬೇರೆಯೇ ಚಿತ್ರ ಸಿಗಬಹುದು: 1080ಪಿಯಲ್ಲೂ 1440ಪಿಯಲ್ಲೂ ಎಫ್‌ಪಿಎಸ್ ಹೆಚ್ಚುಕಡಿಮೆ ಒಂದೇ, ಕಾರ್ಡಿನ ಬಳಕೆ ಮಾತ್ರ ಶೇ 60ರಿಂದ ಶೇ 85ಕ್ಕೆ ಏರಿರುತ್ತದೆ. ಅಲ್ಲಿ ಓಟವನ್ನು ತಡೆದಿರುವುದು ಕಾರ್ಡಲ್ಲ, ಪ್ರೊಸೆಸರು. ಅಂಥ ಆಟದಲ್ಲಿ 1440ಪಿಗೆ ಹೋದರೆ ಕಳೆದುಕೊಳ್ಳುವುದು ಏನೂ ಇಲ್ಲ. ಕಾರ್ಡಿನ ಬಳಕೆ ಶೇ 97ರ ಮೇಲೆ ನಿಂತಿದ್ದರೆ ಕಾರ್ಡಿನ ಶಕ್ತಿ ಮುಗಿದಿದೆ ಎಂದರ್ಥ, ಅದಕ್ಕಿಂತ ಸಾಕಷ್ಟು ಕೆಳಗಿದ್ದರೆ ಅಡ್ಡಿ ಬೇರೆ ಕಡೆ ಇದೆ. ಮೆಮೊರಿಯ ಕೊರತೆ ಇನ್ನೊಂದು ರೀತಿ ತೋರುತ್ತದೆ. ಸರಾಸರಿ ಎಫ್‌ಪಿಎಸ್ ಚೆನ್ನಾಗಿದ್ದೂ ಹೊಸ ಜಾಗಕ್ಕೆ ತಿರುಗಿದಾಗಲೆಲ್ಲ ಆಟ ಗಕ್ಕನೆ ನಿಂತು ಮುಂದುವರಿಯುತ್ತದೆ, ಗೋಡೆಗಳ ಮೇಲಿನ ಚಿತ್ರ ಮಸುಕಾಗಿ ಬಂದು ಆಮೇಲೆ ಸ್ಪಷ್ಟವಾಗುತ್ತದೆ. 12 ಜಿಬಿ ಇರುವ 3060ರಲ್ಲಿ ಇದು ಅಪರೂಪ, 8 ಜಿಬಿ ಕಾರ್ಡುಗಳಲ್ಲಿ ಟೆಕ್ಸ್ಚರ್ ಗುಣಮಟ್ಟವನ್ನು ತುದಿಗೇರಿಸಿದಾಗ ಕಾಣುವಂಥದ್ದು.

ಉದಾಹರಣೆಯ ಅಂಕಿಗಳಿಂದ 4ಕೆ ತಾನಾಗಿಯೇ ಹೊರಬಿತ್ತು. ಉಳಿದದ್ದು 1080ಪಿ ಮತ್ತು 1440ಪಿ. 64 ಎಫ್‌ಪಿಎಸ್‌ಗೆ 1440ಪಿ ಕೊಳ್ಳಬಹುದೇ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಮಾನಿಟರಿನ ಇನ್ನೊಂದು ಗುಣದಲ್ಲಿ.

ಹರ್ಟ್ಸ್ ಎಷ್ಟಿರಬೇಕು

60 ಹರ್ಟ್ಸ್ ಪರದೆಯಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 144ರಲ್ಲಿ 6.9, 240ರಲ್ಲಿ 4.2. ಮೊದಲ ಜಿಗಿತದಲ್ಲಿ ಸುಮಾರು 10 ಮಿಲಿಸೆಕೆಂಡ್ ಉಳಿಯಿತು, ಎರಡನೆಯದರಲ್ಲಿ ಮೂರೂ ಉಳಿಯಲಿಲ್ಲ. 60ರಿಂದ 144ಕ್ಕೆ ಹೋದವರು ಮೌಸಿನ ಬಾಣ ಓಡುವುದನ್ನು ನೋಡಿಯೇ ವ್ಯತ್ಯಾಸ ಹಿಡಿಯುತ್ತಾರೆ. 144ರಿಂದ 240ಕ್ಕೆ ಹೋದಾಗ ಅದನ್ನು ಹುಡುಕಬೇಕಾಗುತ್ತದೆ. ಸ್ಪರ್ಧೆಯ ಮಟ್ಟದಲ್ಲಿ ಶೂಟಿಂಗ್ ಆಟ ಆಡದವರು 240ರ ಮೇಲಿನ ಅಂಕಿಗಳಿಗೆ ಹಣ ಸುರಿಯುವುದಕ್ಕಿಂತ ಅದನ್ನು ಪ್ಯಾನೆಲಿನ ಮೇಲೆ ಹಾಕುವುದು ಲೇಸು.

ಕಾರ್ಡು 64 ಚಿತ್ರ ಕೊಡುವಾಗ 165 ಹರ್ಟ್ಸ್ ಪರದೆ ಏನು ಮಾಡುತ್ತದೆ? ಹಳೆಯ ಪದ್ಧತಿಯ ಪರದೆ ತನ್ನ ತಾಳವನ್ನು ಬಿಡುವುದಿಲ್ಲ, ಪ್ರತಿ 6.06 ಮಿಲಿಸೆಕೆಂಡಿಗೆ ಒಮ್ಮೆ ಚಿತ್ರ ಬದಲಿಸಲು ಸಿದ್ಧವಾಗಿರುತ್ತದೆ. ಕಾರ್ಡಿನಿಂದ ಚಿತ್ರ ಬರುವುದು 15.6 ಮಿಲಿಸೆಕೆಂಡಿಗೊಮ್ಮೆ. ಎರಡೂ ಸರಿಯಾಗಿ ಕೂಡುವುದಿಲ್ಲವಾದ್ದರಿಂದ ಒಂದು ಚಿತ್ರ ಎರಡು ಸುತ್ತು, ಅಂದರೆ 12.1 ಮಿಲಿಸೆಕೆಂಡ್ ನಿಂತರೆ, ಮುಂದಿನದು ಮೂರು ಸುತ್ತು, 18.2 ಮಿಲಿಸೆಕೆಂಡ್ ನಿಲ್ಲುತ್ತದೆ. ಎಫ್‌ಪಿಎಸ್ ಅಂಕಿ ಚೆನ್ನಾಗಿದ್ದರೂ ಚಲನೆ ಕುಂಟಿದಂತೆ ಕಾಣುವುದು ಇದರಿಂದ. ವಿ-ಸಿಂಕ್ ಆರಿಸಿದರೆ ಚಿತ್ರ ಅರ್ಧದಲ್ಲೇ ಬದಲಾಗಿ ಪರದೆಯ ನಡುವೆ ಅಡ್ಡ ಸೀಳು ಮೂಡುತ್ತದೆ.

ಇದಕ್ಕೆ ಬಂದ ಪರಿಹಾರ, ಪರದೆಯೇ ಕಾರ್ಡಿಗಾಗಿ ಕಾಯುವುದು. 2013ರಲ್ಲಿ ಎನ್‌ವಿಡಿಯಾ ಇದನ್ನು ಜಿ-ಸಿಂಕ್ ಎಂಬ ಹೆಸರಿನಲ್ಲಿ ತನ್ನದೇ ಯಂತ್ರಭಾಗದೊಂದಿಗೆ ತಂದಿತು. ಎಎಂಡಿಯ ಫ್ರೀಸಿಂಕ್ ಮಾನಿಟರುಗಳು 2015ರಲ್ಲಿ ಬಂದವು. 2019ರ ಜನವರಿಯಲ್ಲಿ ಎನ್‌ವಿಡಿಯಾ ತನ್ನ ಜಿಟಿಎಕ್ಸ್ 10 ಸರಣಿ ಮತ್ತು ಅನಂತರದ ಕಾರ್ಡುಗಳಿಗೂ ಡಿಸ್‌ಪ್ಲೇಪೋರ್ಟ್ ಕೇಬಲ್ ಮೂಲಕ ಇಂಥ ಮಾನಿಟರುಗಳನ್ನು ತೆರೆದುಕೊಟ್ಟ ಮೇಲೆ ಕಂಪನಿಗಳ ನಡುವಿನ ಗೋಡೆ ಬಹುಮಟ್ಟಿಗೆ ಬಿತ್ತು. ಈ ಸೌಲಭ್ಯವಿರುವ ಪರದೆ 64 ಎಫ್‌ಪಿಎಸ್ ಬಂದಾಗ 64 ಹರ್ಟ್ಸ್‌ನಲ್ಲೇ, 71 ಬಂದಾಗ 71ರಲ್ಲೇ ನಡೆಯುತ್ತದೆ. ಚಲನೆ ಸಮನಾಗುತ್ತದೆ, ಸೀಳು ಹೋಗುತ್ತದೆ.

ಇಲ್ಲಿ ವಿವರಪಟ್ಟಿಯ ಒಂದು ಸಾಲನ್ನು ಕಣ್ಣಿಟ್ಟು ಓದಬೇಕು. ಪರದೆ ಹೀಗೆ ಹೊಂದಿಕೊಳ್ಳುವುದು ಒಂದು ವ್ಯಾಪ್ತಿಯೊಳಗೆ ಮಾತ್ರ, ಉದಾಹರಣೆಗೆ 48ರಿಂದ 165. ಎಫ್‌ಪಿಎಸ್ 40ಕ್ಕೆ ಇಳಿದರೆ ಡ್ರೈವರ್ ಒಂದೊಂದು ಚಿತ್ರವನ್ನೂ ಎರಡೆರಡು ಸಲ ತೋರಿಸಿ ಪರದೆಯನ್ನು 80 ಹರ್ಟ್ಸ್‌ನಲ್ಲಿ ನಡೆಸುತ್ತದೆ, ತಾಳ ತಪ್ಪುವುದಿಲ್ಲ. ಆದರೆ ವ್ಯಾಪ್ತಿ 48ರಿಂದ 75 ಎಂದಿರುವ ಅಗ್ಗದ ಮಾನಿಟರಿನಲ್ಲಿ 80 ಎಂಬುದೇ ಇಲ್ಲ. ಅಲ್ಲಿ 48ರ ಕೆಳಗೆ ಇಳಿದ ಕೂಡಲೇ ಹಳೆಯ ಕುಂಟುವಿಕೆ ಮರಳುತ್ತದೆ. ಸಾಧಾರಣ ಕಾರ್ಡು ಇರುವವರಿಗೇ ಈ ಕೆಳಗಿನ ತುದಿ ಹೆಚ್ಚು ಬೇಕಾಗುವುದು. ಆದ್ದರಿಂದ ಕಾರ್ಡು 165 ಕೊಡಲಾರದು ಎಂಬ ಕಾರಣಕ್ಕೆ 75 ಹರ್ಟ್ಸ್ ಪರದೆ ಕೊಳ್ಳುವುದು ಉಳಿತಾಯವಲ್ಲ. ಅಗಲವಾದ ವ್ಯಾಪ್ತಿ ಬಡ ಕಾರ್ಡಿಗೇ ಹೆಚ್ಚು ಉಪಕಾರಿ.

ಹೀಗಾಗಿ 64 ಎಫ್‌ಪಿಎಸ್ ಕೊಡುವ 3060ಕ್ಕೆ 144ರಿಂದ 180 ಹರ್ಟ್ಸ್‌ವರೆಗಿನ, ಅಡಾಪ್ಟಿವ್ ಸಿಂಕ್ ಇರುವ 1440ಪಿ ಮಾನಿಟರ್ ಒಪ್ಪುತ್ತದೆ. ಭಾರದ ಆಟಗಳು ವ್ಯಾಪ್ತಿಯ ಕೆಳಭಾಗದಲ್ಲಿ ನಯವಾಗಿ ನಡೆಯುತ್ತವೆ, ಹಗುರ ಆಟಗಳು ಮೇಲಿನ ತುದಿ ಮುಟ್ಟುತ್ತವೆ. ಅವಕ್ಕೆ ಎಫ್‌ಪಿಎಸ್ ಮಿತಿಯನ್ನು 160ರ ಆಸುಪಾಸಿಗೆ ಕಟ್ಟಿಹಾಕುವುದು ವಾಡಿಕೆ. ಮಿತಿಯನ್ನು ದಾಟಿದರೆ ಹೊಂದಾಣಿಕೆ ಕಳಚಿಕೊಳ್ಳುತ್ತದೆ.

ಇನ್ನೂ ಸ್ವಲ್ಪ ಬಲ ಬೇಕಾದರೆ ಅಪ್‌ಸ್ಕೇಲಿಂಗ್ ಇದೆ. ಎನ್‌ವಿಡಿಯಾದ ಡಿಎಲ್‌ಎಸ್‌ಎಸ್, ಎಎಂಡಿಯ ಎಫ್‌ಎಸ್‌ಆರ್ ಇವು ಕಡಿಮೆ ಪಿಕ್ಸೆಲ್‌ನಲ್ಲಿ ಚಿತ್ರ ತಯಾರಿಸಿ ದೊಡ್ಡದು ಮಾಡುತ್ತವೆ. 1440ಪಿಯಲ್ಲಿ `Quality` ಆಯ್ದರೆ ಒಳಗಿನ ಚಿತ್ರ ಸುಮಾರು 1707ಕ್ಕೆ 960, ಅಂದರೆ 1080ಪಿಗಿಂತಲೂ ಕಡಿಮೆ ಕೆಲಸ. ಫಲಿತಾಂಶ ಮೂಲ 1440ಪಿಗೆ ಬಹಳ ಹತ್ತಿರ. ಇದೇ ಸೌಲಭ್ಯವನ್ನು 1080ಪಿ ಪರದೆಯಲ್ಲಿ ಬಳಸಿದರೆ ಒಳಗಿನ ಚಿತ್ರ 1280ಕ್ಕೆ 720 ಆಗಿ, ದೂರದ ಎಲೆ, ತಂತಿಗಳಲ್ಲಿ ಮಸುಕು ಕಾಣತೊಡಗುತ್ತದೆ. ಅಪ್‌ಸ್ಕೇಲಿಂಗ್ ಬಂದ ಮೇಲೆ ಮಧ್ಯಮ ಕಾರ್ಡಿನವರಿಗೂ 1440ಪಿ ಶಿಫಾರಸು ಮಾಡುವಂತಾಗಿರುವುದು ಇದರಿಂದಲೇ.

ಅಪ್‌ಸ್ಕೇಲಿಂಗ್ ಇಲ್ಲದ ಹಳೆಯ ಆಟದಲ್ಲಿ ಎಫ್‌ಪಿಎಸ್ ಸಾಲದೆ ಬಂದರೆ ರೆಸಲ್ಯೂಷನ್ ಇಳಿಸಿದರಾಯಿತು ಎಂಬ ಸಮಾಧಾನ ಅಷ್ಟು ಸುಲಭವಲ್ಲ. 1440ಪಿ ಪರದೆಯ ಮೇಲೆ 1080ಪಿ ಚಿತ್ರ ಹಾಕಿದರೆ ಒಂದು ಪಿಕ್ಸೆಲ್ ಅಡ್ಡಕ್ಕೆ ಒಂದೂ ಮೂರನೆಯ ಒಂದು ಪಿಕ್ಸೆಲ್ ಆಗಬೇಕು. ಅರ್ಧಂಬರ್ಧ ಪಿಕ್ಸೆಲ್ ಇರುವುದಿಲ್ಲವಾದ್ದರಿಂದ ಅಂಚುಗಳೆಲ್ಲ ಕಲಸಿಹೋಗುತ್ತವೆ. ಅಂಥಲ್ಲಿ ರೆಸಲ್ಯೂಷನ್ ಹಾಗೇ ಬಿಟ್ಟು ನೆರಳಿನ ಗುಣಮಟ್ಟವನ್ನು ಇಳಿಸುವುದು ಜಾಣತನ.

ಇಂಚು ಮತ್ತು ಒತ್ತಕ್ಷರ

ರೆಸಲ್ಯೂಷನ್ನಿನ ಜೊತೆಗೆ ಪರದೆಯ ಅಗಲವನ್ನೂ ನೋಡದಿದ್ದರೆ ಲೆಕ್ಕ ಅರ್ಧವಾಗುತ್ತದೆ. 24 ಇಂಚಿನ 1080ಪಿ ಪರದೆಯಲ್ಲಿ ಒಂದು ಪಿಕ್ಸೆಲ್ ಸುಮಾರು 0.28 ಮಿಲಿಮೀಟರ್ ಅಗಲ. ಅಷ್ಟೇ ಪಿಕ್ಸೆಲ್‌ಗಳನ್ನು 27 ಇಂಚಿಗೆ ಎಳೆದರೆ 0.31 ಆಗುತ್ತದೆ, 27 ಇಂಚಿನ 1440ಪಿಯಲ್ಲಿ 0.23. ಮೇಜಿನ ಮುಂದೆ ಎರಡಡಿ ದೂರದಲ್ಲಿ ಕೂತವರಿಗೆ 0.31ರ ಚುಕ್ಕಿಗಳು ಬಿಡಿಬಿಡಿಯಾಗಿ ಕಾಣುತ್ತವೆ. 27 ಇಂಚಿನ 1080ಪಿ ಮಾನಿಟರ್ ಅಗ್ಗವಾಗಿ ಸಿಗುವುದು ಅಚ್ಚರಿಯಲ್ಲ.

ಕನ್ನಡ ಓದುವವರಿಗೆ ಈ ವ್ಯತ್ಯಾಸ ಇಂಗ್ಲಿಷ್ ಓದುವವರಿಗಿಂತ ಬೇಗ ತಟ್ಟುತ್ತದೆ. ‘ರಾಷ್ಟ್ರ’ ಎಂದು ಬರೆದಾಗ ಷಕಾರದ ಜೊತೆಗೆ ಟಕಾರದ ಒತ್ತು, ಅದರ ಮಗ್ಗುಲಲ್ಲಿ ರಕಾರದ ಒತ್ತು. ಇಷ್ಟೂ ಸಾಲಿನ ಕೆಳಗಿನ ಕಿರಿದಾದ ಜಾಗದಲ್ಲಿ ಕೂರಬೇಕು. ಸಣ್ಣ ಅಕ್ಷರದಲ್ಲಿ ಆ ಒತ್ತುಗಳ ಪಾಲಿಗೆ ಬರುವುದು ಕೆಲವೇ ಪಿಕ್ಸೆಲ್ ಸಾಲುಗಳು. 27 ಇಂಚಿನ 1080ಪಿಯಲ್ಲಿ ಅವು ಕಪ್ಪು ಗಂಟಿನಂತೆ ಕಂಡು, ಯಾವ ಒತ್ತು ಎಂದು ಊಹಿಸಬೇಕಾಗುತ್ತದೆ. ಆಟದ ಜೊತೆಗೆ ಕನ್ನಡದ ಟೈಪಿಂಗ್, ಪುಟವಿನ್ಯಾಸದ ಕೆಲಸವೂ ಇದ್ದರೆ 1440ಪಿ ಪರವಾಗಿ ಇದೊಂದು ಗಟ್ಟಿ ಕಾರಣ. 1080ಪಿಯೇ ಸಾಕು ಎನ್ನುವವರು 24 ಇಂಚಿಗೆ ನಿಲ್ಲಬೇಕು, 1440ಪಿಗೆ 27 ಇಂಚು ಹದವಾದ ಅಳತೆ. 32 ಇಂಚಿನ 1440ಪಿ ಮತ್ತೆ 24 ಇಂಚಿನ 1080ಪಿಯಷ್ಟೇ ಒರಟು.

ಪ್ಯಾನೆಲ್

ಪ್ಯಾನೆಲಿನ ಬಗೆಗೂ ಕಾರ್ಡಿಗೂ ಸಂಬಂಧವಿಲ್ಲ, ಅದು ಬಣ್ಣದ ರುಚಿಗೆ ಬಿಟ್ಟದ್ದು ಎಂಬ ಮಾತಿದೆ. ಅದು ಪೂರ್ತಿ ನಿಜವಲ್ಲ.

ಬಹುಪಾಲು ಮಾನಿಟರುಗಳು ದ್ರವಸ್ಫಟಿಕದ, ಅಂದರೆ ಎಲ್‌ಸಿಡಿಯ ಪರದೆಗಳು. ಹಿಂದೆ ದೀಪ, ಮುಂದೆ ಆ ಬೆಳಕನ್ನು ಬಿಡುವ, ತಡೆಯುವ ಹರಳುಗಳು. ಹರಳು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ತಿರುಗಲು ಸಮಯ ಬೇಕು. 165 ಹರ್ಟ್ಸ್‌ನಲ್ಲಿ ಸಿಗುವ ಸಮಯ 6 ಮಿಲಿಸೆಕೆಂಡ್. ಅಷ್ಟರಲ್ಲಿ ಹರಳು ತಿರುಗಿ ಮುಗಿಸದಿದ್ದರೆ ಹಿಂದಿನ ಚಿತ್ರದ ಬಾಲ ಮುಂದಿನದಕ್ಕೆ ಅಂಟಿಕೊಳ್ಳುತ್ತದೆ. ಡಬ್ಬಿಯ ಮೇಲೆ ‘1 ಮಿಲಿಸೆಕೆಂಡ್’ ಎಂದು ಅಚ್ಚಾಗಿರುವುದು ಸಾಮಾನ್ಯವಾಗಿ ಅತ್ಯಂತ ಅನುಕೂಲದ ಸ್ಥಿತಿಯಲ್ಲಿ ಅಳೆದದ್ದು, ಅದನ್ನು ನಂಬಿ ಆರಿಸುವಂತಿಲ್ಲ.

ಐಪಿಎಸ್ ಪ್ಯಾನೆಲಿನಲ್ಲಿ ಬಣ್ಣ ನಿಖರ, ಪಕ್ಕದಿಂದ ನೋಡಿದರೂ ಬದಲಾಗುವುದಿಲ್ಲ, ಹರಳಿನ ಚುರುಕು ಬಹುಮಟ್ಟಿಗೆ ಎಲ್ಲ ಛಾಯೆಗಳಲ್ಲೂ ಒಂದೇ. ಕೊರತೆ ಎಂದರೆ ಕಪ್ಪು ಬಣ್ಣ. ಅದರ ಕಾಂಟ್ರಾಸ್ಟ್ ಸುಮಾರು 1000ಕ್ಕೆ 1 ಇರುವುದರಿಂದ ದೀಪ ಆರಿಸಿದ ಕೋಣೆಯಲ್ಲಿ ಕಪ್ಪು ಬೂದಿಯಾಗಿ ಕಾಣುತ್ತದೆ, ಮೂಲೆಗಳಲ್ಲಿ ಮಂಜು ಕವಿದಂಥ ಹೊಳಪಿರುತ್ತದೆ. ವಿಎ ಪ್ಯಾನೆಲಿನಲ್ಲಿ ಕಾಂಟ್ರಾಸ್ಟ್ 3000ಕ್ಕೆ 1 ಅಥವಾ ಅದಕ್ಕೂ ಮೇಲೆ, ಕಪ್ಪು ನಿಜಕ್ಕೂ ಕಪ್ಪು. ಆದರೆ ಕಪ್ಪಿನಿಂದ ಗಾಢ ಬೂದಿಗೆ ತಿರುಗುವಾಗ ಅದರ ಹರಳು ತಡಮಾಡುತ್ತದೆ. ಅಗ್ಗದ ವಿಎ ಪರದೆಯಲ್ಲಿ ರಾತ್ರಿಯ ದೃಶ್ಯವೊಂದರಲ್ಲಿ ಕ್ಯಾಮೆರಾ ತಿರುಗಿಸಿದರೆ ಮರದ ಕಾಂಡಗಳ ಹಿಂದೆ ಮಸಿ ಎಳೆದಂತೆ ಕಾಣುತ್ತದೆ.

ಕಾರ್ಡಿನ ಸಂಬಂಧ ಬರುವುದು ಇಲ್ಲಿಂದ ಮುಂದೆ. ಪರದೆ ಕಾರ್ಡಿನ ತಾಳಕ್ಕೆ ಹೊಂದಿಕೊಂಡು ನಡೆಯುವಾಗ, ವಿಎ ಪ್ಯಾನೆಲಿನ ಹೊಳಪು ರಿಫ್ರೆಶ್ ರೇಟಿನ ಜೊತೆಗೆ ತುಸು ಏರಿಳಿಯುತ್ತದೆ. ಎಫ್‌ಪಿಎಸ್ ಒಂದೇ ಕಡೆ ನಿಂತಿದ್ದರೆ ಗೊತ್ತಾಗುವುದಿಲ್ಲ. 45, 80, 55 ಎಂದು ಜಿಗಿಯುತ್ತಿದ್ದರೆ, ಅದರಲ್ಲೂ ಲೋಡಿಂಗ್ ಪರದೆ ಮತ್ತು ಕತ್ತಲ ದೃಶ್ಯಗಳಲ್ಲಿ, ಪರದೆ ಮಿಣುಕುತ್ತದೆ. ಎಫ್‌ಪಿಎಸ್ ಸ್ಥಿರವಾಗಿ ಹಿಡಿಯಲಾರದ ಸಾಧಾರಣ ಕಾರ್ಡಿಗೆ ವಿಎ ಸರಿಹೋಗದಿರುವುದು ಇದಕ್ಕೆ. ವಿಎ ಬೇಕೇ ಬೇಕೆಂದರೆ ಕಾರ್ಡು ಯಾವ ದೃಶ್ಯದಲ್ಲೂ ದಾಟಬಲ್ಲ ಅಂಕಿಗೆ, ಉದಾಹರಣೆಗೆ 60ಕ್ಕೆ, ಮಿತಿ ಕಟ್ಟಿ ಆಡುವುದು ಒಂದು ಉಪಾಯ.

ಎರಡನೆಯ ಸಂಬಂಧ ಓವರ್‌ಡ್ರೈವ್‌ನದು. ಹರಳನ್ನು ಬೇಗ ತಿರುಗಿಸಲು ಮಾನಿಟರ್ ಕೊಡುವ ಹೆಚ್ಚುವರಿ ತಳ್ಳುವಿಕೆಗೆ ಆ ಹೆಸರು, ಮಾನಿಟರಿನ ಮೆನುವಿನಲ್ಲಿ ಅದಕ್ಕೆ ಮೂರು ನಾಲ್ಕು ಹಂತಗಳಿರುತ್ತವೆ. 165 ಹರ್ಟ್ಸ್‌ಗೆ ಸರಿಹೊಂದುವ ಬಲವಾದ ಹಂತವನ್ನು ಇಟ್ಟು 60ರಲ್ಲಿ ಆಡಿದರೆ ಹರಳು ಗುರಿ ದಾಟಿ ಹೋಗಿ, ಚಲಿಸುವ ವಸ್ತುವಿನ ಹಿಂದೆ ಬಿಳಿಯ ಪ್ರಭೆ ಮೂಡುತ್ತದೆ. ಕಾರ್ಡು 60ರ ಸುತ್ತ ಕೊಡುವುದಾದರೆ ಮಧ್ಯದ ಹಂತವೇ ಸರಿ. ಒಂದೇ ಹಂತದಲ್ಲಿ ಇಡೀ ವ್ಯಾಪ್ತಿ ಚೆನ್ನಾಗಿ ನಡೆಯುವ ಮಾನಿಟರ್ ಸಿಕ್ಕರೆ ಅದು ಹೆಚ್ಚಿನ ಹರ್ಟ್ಸ್‌ಗಿಂತ ದೊಡ್ಡ ಲಾಭ.

ಓಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗುವುದರಿಂದ ಬಾಲ, ಪ್ರಭೆಗಳ ಕಾಟವಿಲ್ಲ, ಕಪ್ಪು ಎಂದರೆ ಪೂರ್ತಿ ಆರಿದ ಪಿಕ್ಸೆಲ್. ಇಷ್ಟಾದರೂ ದುರ್ಬಲ ಕಾರ್ಡಿಗೆ ಅದು ತಕ್ಕ ಜೋಡಿಯಲ್ಲ. ಎಲ್‌ಸಿಡಿಯ ಮಂದಗತಿ ಕಡಿಮೆ ಎಫ್‌ಪಿಎಸ್‌ನ ಜಿಗಿತಗಳನ್ನು ಸ್ವಲ್ಪ ಮರೆಮಾಚುತ್ತದೆ. ಓಎಲ್‌ಇಡಿ ಒಂದು ಚಿತ್ರದಿಂದ ಇನ್ನೊಂದಕ್ಕೆ ಕ್ಷಣದಲ್ಲಿ ಬದಲಾಗುವುದರಿಂದ 40 ಎಫ್‌ಪಿಎಸ್‌ನ ತಡವರಿಕೆ ಇನ್ನಷ್ಟು ಎದ್ದು ಕಾಣುತ್ತದೆ. ಎಫ್‌ಪಿಎಸ್ ಜಿಗಿದಾಗ ಮಿಣುಕುವ ತೊಂದರೆ ಇದಕ್ಕೂ ಇದೆ. ದಿನವಿಡೀ ಕಚೇರಿ ಕೆಲಸಕ್ಕೆ ಬಳಸಿದರೆ ಟಾಸ್ಕ್‌ಬಾರ್‌ನಂಥ ಕದಲದ ಚಿತ್ರ ಕಾಲಕ್ರಮದಲ್ಲಿ ಪರದೆಯ ಮೇಲೆ ಕಲೆಯಾಗಿ ಉಳಿಯುವ ಅಪಾಯವೂ ಸೇರಿಕೊಳ್ಳುತ್ತದೆ. ಟಿಎನ್ ಎಂಬ ಹಳೆಯ ಬಗೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಚುರುಕಾಗಿದ್ದರೂ ತಲೆ ತುಸು ತಗ್ಗಿಸಿದರೆ ಬಣ್ಣ ಬದಲಾಗುವ ಅದನ್ನು ಇಂದು ಹುಡುಕಿ ಕೊಳ್ಳಲು ಕಾರಣವಿಲ್ಲ.

ಉದಾಹರಣೆಯ 3060ಕ್ಕೆ, ಹಗಲು ಬೆಳಕು ಬರುವ ಕೋಣೆಯಲ್ಲಿ, ಐಪಿಎಸ್ ಪ್ಯಾನೆಲಿನ 27 ಇಂಚಿನ 1440ಪಿ ಮಾನಿಟರ್ ನಿಸ್ಸಂದೇಹವಾದ ಆಯ್ಕೆ. 4 ಜಿಬಿಯ ಜಿಟಿಎಕ್ಸ್ 1650 ಇದ್ದಿದ್ದರೆ 24 ಇಂಚಿನ 1080ಪಿಗೆ ನಿಲ್ಲಬೇಕಿತ್ತು, ಅಲ್ಲಿ ಡಿಎಲ್‌ಎಸ್‌ಎಸ್ ಕೂಡ ಸಿಗುವುದಿಲ್ಲ. ಆರ್‌ಟಿಎಕ್ಸ್ 4070 ಇದ್ದಿದ್ದರೆ ಅದೇ 1440ಪಿಯನ್ನು ಹೆಚ್ಚಿನ ಹರ್ಟ್ಸ್‌ನಲ್ಲಿ ನಡೆಸಬಹುದಿತ್ತು, ಓಎಲ್‌ಇಡಿಯ ಯೋಚನೆಯೂ ಅಸಂಗತವಾಗುತ್ತಿರಲಿಲ್ಲ. 4ಕೆಯಲ್ಲಿ ಭಾರದ ಆಟ ಆಡುವ ಮಾತು ಆರ್‌ಟಿಎಕ್ಸ್ 4080, ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ ಮಟ್ಟದ ಕಾರ್ಡುಗಳಿಗೆ ಸೇರಿದ್ದು. ಎರಡು ಆಯ್ಕೆಗಳ ನಡುವೆ ಮನಸ್ಸು ತೂಗುತ್ತಿದ್ದರೆ ತುಸು ಮೇಲಿನದನ್ನೇ ಆರಿಸುವುದು ಒಳ್ಳೆಯದು, ಏಕೆಂದರೆ ಸಾಮಾನ್ಯವಾಗಿ ಕಾರ್ಡು ಬದಲಾದರೂ ಮಾನಿಟರ್ ಮೇಜಿನ ಮೇಲೇ ಇರುತ್ತದೆ.

ಕೇಬಲ್ಲು, ಸೆಟ್ಟಿಂಗು

ಸರಿಯಾದ ಮಾನಿಟರ್ ಬಂದ ಮೇಲೂ ಅದರ ಪೂರ್ಣ ಬಲ ಸಿಗದಿರುವುದು ಸಾಮಾನ್ಯ. ಮೊದಲ ಕಾರಣ ಕೇಬಲ್ಲು. 2560ಕ್ಕೆ 1440 ಪಿಕ್ಸೆಲ್‌ಗಳನ್ನು ಸೆಕೆಂಡಿಗೆ 165 ಸಲ, ಪಿಕ್ಸೆಲ್ಲಿಗೆ 24 ಬಿಟ್‌ನಂತೆ ಕಳಿಸಲು ಸೆಕೆಂಡಿಗೆ ಸುಮಾರು 14.6 ಗಿಗಾಬಿಟ್ ಬೇಕು. ಎಚ್‌ಡಿಎಂಐ 2.0 ಹೊರಬಲ್ಲದ್ದು 14.4. ಅದಕ್ಕಾಗಿಯೇ ಅದೇ ಮಾನಿಟರ್ ಎಚ್‌ಡಿಎಂಐ 2.0ರಲ್ಲಿ 144ಕ್ಕೆ ನಿಂತು, ಡಿಸ್‌ಪ್ಲೇಪೋರ್ಟ್‌ನಲ್ಲಿ 165 ಕೊಡುತ್ತದೆ. ಎನ್‌ವಿಡಿಯಾ ಕಾರ್ಡಿನಲ್ಲಿ ಅಡಾಪ್ಟಿವ್ ಸಿಂಕ್ ನಡೆಯಲೂ ಡಿಸ್‌ಪ್ಲೇಪೋರ್ಟೇ ನಂಬಿಕೆಯ ದಾರಿ.

ಎರಡನೆಯದು ಕೇಬಲ್ ಚುಚ್ಚುವ ಜಾಗ. ಪೆಟ್ಟಿಗೆಯ ಹಿಂದೆ ಮದರ್‌ಬೋರ್ಡಿನ ಕಿಂಡಿಗಳು ಮೇಲೆ ನಿಂತ ಸಾಲಿನಲ್ಲಿರುತ್ತವೆ, ಗ್ರಾಫಿಕ್ಸ್ ಕಾರ್ಡಿನವು ಕೆಳಗೆ ಅಡ್ಡಸಾಲಿನಲ್ಲಿ. ಮೇಲಿನದಕ್ಕೆ ಚುಚ್ಚಿದರೆ ರೈಜನ್ 5 5600 ಇರುವ ಯಂತ್ರದಲ್ಲಿ ಪರದೆ ಕಪ್ಪಾಗಿಯೇ ಇರುತ್ತದೆ, ಆ ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇಲ್ಲ. ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್ ಆದರೆ ತಪ್ಪು ಇನ್ನೂ ನವಿರು: ಚಿತ್ರ ಬರುತ್ತದೆ, ಕಾರ್ಡಿನ ಪೂರ್ಣ ಬಲ ಮಾತ್ರ ಸಿಗುವುದಿಲ್ಲ.

ಮೂರನೆಯದು ವಿಂಡೋಸ್. ಹೊಸ ಮಾನಿಟರನ್ನು ಅದು ಎಷ್ಟೋ ಸಲ 60 ಹರ್ಟ್ಸ್‌ನಲ್ಲೇ ಇಟ್ಟಿರುತ್ತದೆ. ವಿಂಡೋಸ್ 11ರಲ್ಲಿ `Settings > System > Display > Advanced display` ಒಳಗೆ ಹೋಗಿ `Choose a refresh rate` ಎಂಬಲ್ಲಿ ಬದಲಿಸಬೇಕು. 165 ಪಟ್ಟಿಯಲ್ಲೇ ಇಲ್ಲದಿದ್ದರೆ ದೋಷ ಕೇಬಲ್ಲಿನದೋ ಕಿಂಡಿಯದೋ ಆಗಿರುವುದೇ ಹೆಚ್ಚು. ಆಮೇಲೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲಿನ `Set up G-SYNC` ಪುಟದಲ್ಲಿ ಅಡಾಪ್ಟಿವ್ ಸಿಂಕ್ ಚಾಲೂ ಮಾಡಬೇಕು. ಕೆಲವು ಮಾನಿಟರುಗಳಲ್ಲಿ ಮೊದಲು ಅದರದೇ ಮೆನುವಿನೊಳಗೆ ಫ್ರೀಸಿಂಕ್ ಹಚ್ಚದ ಹೊರತು ಈ ಪುಟ ಕಾಣುವುದಿಲ್ಲ. ಎಲ್ಲವೂ ಕೂಡಿದೆಯೇ ಎಂದು ನೋಡಲು ಮಾನಿಟರಿನ ಮಾಹಿತಿ ಪರದೆಯನ್ನು ಆಟದ ಮೇಲೆಯೇ ತೆರೆದಿಡಬಹುದು. ಅಲ್ಲಿನ ಹರ್ಟ್ಸ್ ಅಂಕಿ ಎಫ್‌ಪಿಎಸ್ ಜೊತೆಗೆ ಏರಿಳಿಯುತ್ತಿದ್ದರೆ ಹೊಂದಾಣಿಕೆ ನಡೆಯುತ್ತಿದೆ, 165ಕ್ಕೆ ಅಂಟಿಕೊಂಡಿದ್ದರೆ ಇಲ್ಲ.

ಪ್ಯಾನೆಲಿನ ತಪಾಸಣೆಯನ್ನು ಅಂಗಡಿಯ ವಾಪಸಾತಿ ಅವಧಿಯೊಳಗೇ ಮುಗಿಸಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಎದುರಿಗೇ ಕೊಳ್ಳುವುದಾದರೆ ಅಲ್ಲೇ ತೆರೆದು ತೋರಿಸಲು ಕೇಳಬಹುದು. ಪೂರ್ತಿ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಒಂದೊಂದಾಗಿ ಪರದೆ ತುಂಬ ಹಾಕಿದಾಗ ಸತ್ತ ಪಿಕ್ಸೆಲ್ ಇದ್ದರೆ ಒಂದಲ್ಲ ಒಂದು ಬಣ್ಣದಲ್ಲಿ ಸಿಕ್ಕಿಬೀಳುತ್ತದೆ. ಒಂದೆರಡು ಸತ್ತ ಪಿಕ್ಸೆಲ್‌ಗಳನ್ನು ಎಷ್ಟೋ ಕಂಪನಿಗಳು ದೋಷವೆಂದು ಒಪ್ಪುವುದಿಲ್ಲ. ಎಷ್ಟಕ್ಕೆ ಒಪ್ಪುತ್ತಾರೆ ಎಂಬುದನ್ನು ವಾರಂಟಿ ಕಾಗದದಲ್ಲಿ ಮೊದಲೇ ಓದಿಕೊಂಡಿರಬೇಕು.